ಮನೇಲಿ ಕೇಳಿ ಹೇಳ್ತೀನಿ

ಹೊಣಕೆರೆಯ ಸಹೋದರಿ, ಕಾಯಿ ಮಾರಿದ 80,000 ರೂಪಾಯಿ ಯಜಮಾನರ ಗೆಳೆಯನ ಕೈ ಸೇರಿದ್ದು ನಿಮಗೆ ಪಾಸ್‌ಬುಕ್ಕಿನಿಂದ ತಿಳಿಯಿತು. ಆ ನೋವು ದುಡ್ಡಿಗಿಂತ ದೊಡ್ಡದು.

ಅತ್ತೆ, ಮಕ್ಕಳ ಎದುರು ಕೇಳಬೇಡಿ. ರಾತ್ರಿ ಊಟವಾದ ಮೇಲೆ ಪಾಸ್‌ಬುಕ್ ಮುಂದಿಟ್ಟು, "ಮೊದಲೇ ಹೇಳಿದ್ರೆ ನಾನೇನು ಅಂತಿದ್ದೆ ಅನ್ಕೊಂಡ್ರಿ?" ಅನ್ನಿ. ಹಲವರು ಮುಚ್ಚಿಡುವುದು ಗೆಳೆಯನಿಗೆ ಇಲ್ಲವೆನ್ನಲಾಗದ ದಾಕ್ಷಿಣ್ಯಕ್ಕೆ. ಹಾಗಿದ್ದರೆ "ಮನೇಲಿ ಕೇಳಿ ಹೇಳ್ತೀನಿ" ಎಂಬ ಮಾತೇ ಅವರಿಗೆ ಆಸರೆ. 10,000 ದಾಟಿದರೆ, ಸಾಲವಿರಲಿ ಬೈಕಿರಲಿ, ಇಬ್ಬರೂ ಒಪ್ಪಬೇಕೆಂದು ಗೊತ್ತುಮಾಡಿಕೊಳ್ಳಿ.

ಕೊಟ್ಟದ್ದಕ್ಕೆ ಈಗಲಾದರೂ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿ ಪ್ರೋನೋಟ್ ಬರೆಸಿ. ಬರೆದ ದಿನದಿಂದ 3 ವರ್ಷ ಕಳೆದರೆ ದಾವೆ ನಿಲ್ಲುವುದು ಕಷ್ಟ. ಗೆಳೆಯ ಹಿಂಜರಿದರೆ ಯಜಮಾನರೇ ಹೋಗಿ ಕೇಳಲಿ, ನೀವಲ್ಲ.