ಗಂಟಲು ನೋವಿನ ಲೆಕ್ಕ ಬರೆದಿಡಿ

ಮಗುವಿಗೆ ಪದೇಪದೇ ಗಂಟಲು ನೋವು ಬರುತ್ತಿದೆಯೇ? ಬದನವಾಳಿನಿಂದ ನಂಜನಗೂಡಿಗೆ ಹೊರಡುವ ಮುಂಚೆ ಡಾಕ್ಟರಿಗೊಂದು ಕಾಗದ ಬರೆದುಕೊಳ್ಳಿ. "ಯಾವಾಗಲೂ ನೋವು ಸಾರ್" ಎಂದರೆ ಅವರಿಗೆ ಏನೂ ತಿಳಿಯದು. ತಾಯಿಯೊಬ್ಬಳ ಕಾಗದ ಹೀಗಿರಬಹುದು:

"ಡಾಕ್ಟ್ರೇ, ಮಗನಿಗೆ 8 ವರ್ಷ. ಜೂನ್‌ನಿಂದ ನವೆಂಬರ್‌ವರೆಗೆ 4 ಸಲ ಗಂಟಲು ನೋವು ಬಂತು. ಮೂರು ಸಲ ಜ್ವರ 101 ಡಿಗ್ರಿ ದಾಟಿತ್ತು, ಕೆಮ್ಮು ನೆಗಡಿ ಇರಲಿಲ್ಲ. ಟಾನ್ಸಿಲ್ ಮೇಲೆ ಬಿಳಿ ಕಲೆ, ಕತ್ತಿನಲ್ಲಿ ಗಂಟು. ಒಮ್ಮೆ 10 ದಿನದ ಔಷಧಿಯನ್ನು ಜ್ವರ ಬಿಟ್ಟಿತೆಂದು ನಾಲ್ಕನೇ ದಿನವೇ ನಿಲ್ಲಿಸಿದೆ. ರಾತ್ರಿ ಗೊರಕೆ ಹೊಡೆಯುತ್ತಾನೆ. ದಯವಿಟ್ಟು ಪರೀಕ್ಷೆ ಮಾಡಿ ನೋಡಿ."

ಔಷಧಿ ನಿಲ್ಲಿಸಿದ್ದನ್ನು ಖಂಡಿತ ಮುಚ್ಚಿಡಬೇಡಿ. ಕೆಮ್ಮಿಲ್ಲದೆ ಜ್ವರದೊಂದಿಗೆ ಬರುವ ನೋವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣವಿರಬಹುದು. ಗಂಟಲಿನಿಂದ ಹತ್ತಿಯಲ್ಲಿ ಮಾದರಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ಚಿಕಿತ್ಸೆ ಅರ್ಧಕ್ಕೆ ನಿಂತರೆ ಕೆಲವು ಮಕ್ಕಳಲ್ಲಿ ಕೀಲುಗಳು ಊದಿಕೊಂಡು, ಹೃದಯದ ಕವಾಟಗಳೂ ಕೆಡಬಹುದು. ಟಾನ್ಸಿಲ್ ತೆಗೆಸುವ ಮಾತು ಸಾಮಾನ್ಯವಾಗಿ ಬರುವುದು ವರ್ಷಕ್ಕೆ 7 ಸಲ ಇಂಥ ನೋವು ಬಂದಾಗ. ಆದ್ದರಿಂದಲೇ ನೋವು ಬಂದ ತಾರೀಖುಗಳನ್ನು ಬರೆದಿಡುವುದು ಮುಖ್ಯ. ಮಗು ಎಂಜಲು ನುಂಗಲಾರದೆ ಜೊಲ್ಲು ಸುರಿಸಿದರೆ ಅಥವಾ ಉಸಿರಿಗೆ ಕಷ್ಟಪಟ್ಟರೆ ಕಾಗದ ಬರೆಯುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.