ಪೊಟ್ಟಣದ ಹಿಂಬದಿ, ಪಾದದ ಅಡಿಭಾಗ

ಮನೆಯ ಹಿರಿಯರಿಗೆ ಶುಗರ್ ಇದೆ ಎಂದು ಗೊತ್ತಾದ ವಾರವೇ ಎರಡು ಅಭ್ಯಾಸ ಶುರುವಾಗಬೇಕು: ಅಂಗಡಿ ತಿಂಡಿಯ ಪೊಟ್ಟಣ ತಿರುಗಿಸಿ ಓದುವುದು, ದಿನವೂ ಪಾದ ನೋಡಿಕೊಳ್ಳುವುದು. ತಿಪಟೂರಿನ ಒಬ್ಬ ಅಜ್ಜಿ, 67 ವರ್ಷದವರು, ಇವೆರಡನ್ನೂ ಮೊಮ್ಮಗಳಿಂದ ಕಲಿತರು. ಅವರು ಕಲಿತ ಕ್ರಮದಲ್ಲೇ ನಿಯಮಗಳು ಇಲ್ಲಿವೆ.

ಮಾಡಬೇಕಾದ್ದು: ಪೊಟ್ಟಣದ ವಿಷಯದಲ್ಲಿ

ಹಿಂಬದಿಯ ಪಟ್ಟಿಯಲ್ಲಿ ಮೊದಲು ಕಾರ್ಬೋಹೈಡ್ರೇಟ್ ಸಾಲು ನೋಡಿ, ಆಮೇಲೆ ಸಕ್ಕರೆಯದು. ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಪೊಟ್ಟಣದ ಮೇಲೆ ಇಂಗ್ಲಿಷ್ ಇಲ್ಲವೇ ಹಿಂದಿ ಇದ್ದರೆ ಕಾನೂನಿಗೆ ಸಾಕು. ಹಾಗಾಗಿ ಮೊಮ್ಮಗಳು ಕಾರ್ಬೋಹೈಡ್ರೇಟ್ ಎಂಬ ಇಂಗ್ಲಿಷ್ ಪದವನ್ನು ರಟ್ಟಿನ ಚೂರಿನ ಮೇಲೆ ದಪ್ಪಗೆ ಬರೆದುಕೊಟ್ಟಳು. ಅಜ್ಜಿ ರಟ್ಟನ್ನು ಪೊಟ್ಟಣದ ಪಕ್ಕ ಹಿಡಿದು, ಅದೇ ಅಕ್ಷರಗಳಿರುವ ಸಾಲು ಹುಡುಕಿ, ಎದುರಿನ ಅಂಕಿ ಓದುತ್ತಾರೆ.

ತಿನ್ನುವಷ್ಟಕ್ಕೆ ಲೆಕ್ಕ ಹಾಕಿ. ಪಟ್ಟಿಯ ಅಂಕಿ ಸಾಮಾನ್ಯವಾಗಿ 100 ಗ್ರಾಂಗೆ ಇರುತ್ತದೆ. ಅಜ್ಜಿ ಸಂಜೆ ಕಾಫಿಗೆ ತಿನ್ನುತ್ತಿದ್ದ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಕಾರ್ಬೋಹೈಡ್ರೇಟ್ 68 ಗ್ರಾಂ, ಸಕ್ಕರೆ 16. ಅದನ್ನು ಬಿಟ್ಟು ಮಗ ತಂದ ‘ಶುಗರ್ ಫ್ರೀ’ ರಸ್ಕಿನಲ್ಲಿ ಸಕ್ಕರೆ ಸೊನ್ನೆ, ಕಾರ್ಬೋಹೈಡ್ರೇಟ್ 72. ಅಜ್ಜಿ ತಿನ್ನುವುದು 50 ಗ್ರಾಂ. ಅಂದರೆ ಬಿಸ್ಕತ್ತಿನಿಂದ 34 ಗ್ರಾಂ, ರಸ್ಕಿನಿಂದ 36!

“ಸಕ್ಕರೇನೇ ಇಲ್ಲ ಅಂದ್ಮೇಲೆ ಇದೆಲ್ಲಿಂದ ಬಂತೇ?” ಅಂದರು ಅಜ್ಜಿ.

“ಮೈದಾದಿಂದ ಅಜ್ಜಿ. ಹೊಟ್ಟೆಗೆ ಹೋದ್ಮೇಲೆ ಅದೂ ಗ್ಲೂಕೋಸೇ ಆಗುತ್ತೆ.”

ಪದಾರ್ಥಗಳ ಪಟ್ಟಿಯನ್ನೂ ಓದಿಸಿಕೊಳ್ಳಿ. ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಹೆಸರೇ ಮೈದಾ ಆಗಿದ್ದರೆ, ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರವಿದ್ದರೂ ಅದು ಮೈದಾ ಬಿಸ್ಕತ್ತೇ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂದಿದ್ದರೆ ಸಕ್ಕರೆ ಎಂದೇ ತಿಳಿಯಿರಿ.

ಮಾಡಬಾರದ್ದು

ಮುಂಬದಿಯ ದೊಡ್ಡ ಅಕ್ಷರ ನಂಬಿ ಕೊಳ್ಳಬೇಡಿ. ಸಕ್ಕರೆ ಬದಲು ಬೆಲ್ಲ ಅಥವಾ ಜೇನು ಹಾಕಿದ್ದಾರೆಂದು ಸಮಾಧಾನಪಡಬೇಡಿ. ರಕ್ತದಲ್ಲಿ ಅವೂ ಶುಗರ್ ಏರಿಸುತ್ತವೆ. ಸಕ್ಕರೆ ಇಲ್ಲವೆಂದು ಎರಡು ರಸ್ಕ್ ಹೆಚ್ಚಿಗೆ ಕೊಡಬೇಡಿ.

ಮಾಡಬೇಕಾದ್ದು: ಪಾದದ ವಿಷಯದಲ್ಲಿ

ರಾತ್ರಿ ಮಲಗುವ ಮುಂಚೆ ಒಳ್ಳೆಯ ಬೆಳಕಿನಲ್ಲಿ ಎರಡೂ ಪಾದ ನೋಡಿ. ಬಗ್ಗಲಾಗದ ಅಜ್ಜಿ ಕೈಗನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಪಾದ ಹಿಡಿಯುತ್ತಾರೆ. ಕಣ್ಣು ಮಂಜಾಗಿದ್ದರೆ ಮನೆಯವರು ನೋಡಬೇಕು. ಹಿಮ್ಮಡಿಯ ಬಿರುಕು, ಬೆರಳ ಸಂದು, ಉಗುರಿನ ಅಂಚು, ಆಣಿ ಇರುವ ಜಾಗ, ಯಾವುದನ್ನೂ ಬಿಡಬಾರದು. ಕಾಲುಂಗುರದ ಅಡಿಯನ್ನಂತೂ ಮರೆಯಲೇಬಾರದು. ಬೆರಳು ಊದಿ ಉಂಗುರ ಬಿಗಿಯಾಗಿದ್ದರೆ ತೆಗೆಸಿ. ಒಳಗೆ ಚರ್ಮ ಸುಲಿದದ್ದು ಹೊರಗೆ ಕಾಣುವುದಿಲ್ಲ.

ಒಂದು ರಾತ್ರಿ ಕನ್ನಡಿಯಲ್ಲಿ ಹೆಬ್ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ಬೊಕ್ಕೆ ಕಂಡಿತು. ಚಪ್ಪಲಿಯೊಳಗೆ ಒಂದು ಕಲ್ಲು ಸಿಕ್ಕಿತು. ಅಜ್ಜಿ ದಿನವಿಡೀ ಅದರ ಮೇಲೇ ನಡೆದಿದ್ದರು.

“ಅಜ್ಜಿ, ನೋವಾಗ್ಲಿಲ್ವಾ?”

“ಏನೂ ಗೊತ್ತಾಗ್ಲಿಲ್ಲ ಕಣೇ.”

ಹೆದರಬೇಕಾದ್ದು ಈ ಮಾತಿಗೇ. ಬಹಳ ಕಾಲ ಶುಗರ್ ಹೆಚ್ಚಿದ್ದರೆ ಪಾದದ ನರಗಳು ಹಾಳಾಗಿ ನೋವು ತಿಳಿಯದಂತಾಗುತ್ತದೆ. ಕಾಯಿಲೆ ಪತ್ತೆಯಾದದ್ದು ಮೊನ್ನೆಯಾದರೂ ಅದು ವರ್ಷಗಳಿಂದ ಇದ್ದಿರಬಹುದು. ಆದ್ದರಿಂದ ಮೊದಲ ಭೇಟಿಯಲ್ಲೇ ಪಾದ ಪರೀಕ್ಷೆ ಮಾಡಿ ಎಂದು ವೈದ್ಯರನ್ನು ಕೇಳಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಕಣ್ಣು ಮುಚ್ಚಿಸಿ ಸಣ್ಣ ನೈಲಾನ್ ಎಳೆ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುತ್ತಾರೆ, ನೋವಿಲ್ಲದ ಪರೀಕ್ಷೆ.

ಚಪ್ಪಲಿ ಮೆಟ್ಟುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ. ಕಾಲು ತೊಳೆದ ಮೇಲೆ ಬೆರಳ ಸಂದನ್ನು ಒರೆಸಿ ಒಣಗಿಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ.

ಮಾಡಬಾರದ್ದು

ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಮಧ್ಯಾಹ್ನ ಪ್ರದಕ್ಷಿಣೆ ಬೇಡವೇ ಬೇಡ. ಬೆಳಿಗ್ಗೆ ಹೋಗಿ, ಕಾಲುಚೀಲ ಹಾಕಿಕೊಳ್ಳಿ. ಕಾಲು ಜೋಮು ಹಿಡಿದಿದೆ ಎಂದು ಬಿಸಿನೀರಿನಲ್ಲಿ ಇಳಿಬಿಡಬೇಡಿ, ಬಿಸಿನೀರಿನ ಚೀಲವನ್ನೂ ಇಡಬೇಡಿ: ಬೆಂದರೂ ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿಗೆ ಅಂಟಿಸುವ ಪಟ್ಟಿಯನ್ನೂ ಹಾಕಬೇಡಿ. ಬೊಕ್ಕೆ ಒಡೆಯಬೇಡಿ. ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಶುಭ್ರ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೊರಡಿ.

ಅಜ್ಜಿಯ ಬೊಕ್ಕೆಯನ್ನು ಮರುದಿನ ಬೆಳಿಗ್ಗೆಯೇ ತೋರಿಸಿದರು, ಡ್ರೆಸ್ಸಿಂಗ್‌ನಲ್ಲೇ ವಾಸಿಯಾಯಿತು. ಗಾಯದ ಸುತ್ತ ಕೆಂಪಾಗಿದ್ದರೆ, ಊದಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ, ಕೀವು ಅಥವಾ ವಾಸನೆ ಬಂದರೆ, ಬೆರಳು ಕಪ್ಪಾದರೆ ಬೆಳಗಾಗುವವರೆಗೂ ಕಾಯದೆ ಆಗಲೇ ಹೋಗಿ. ನೋವಿಲ್ಲವಲ್ಲ ಎಂದು ಮುಂದೂಡಬೇಡಿ.