ಅಕ್ಕನನ್ನು ಬಸ್ಸು ಹತ್ತಿಸುವ ಮುಂಚೆ

ಮುಳಬಾಗಿಲು

ಚಿರಂಜೀವಿ ಅಳಿಯನಿಗೆ,

ಶ್ರೀನಿವಾಸಪುರದ ಮದುವೆಗೆ ಅಕ್ಕನನ್ನು ಮಾಲೂರಿನಿಂದ ಬಸ್ಸಿನಲ್ಲೇ ಕರೆದುಕೊಂಡು ಬರ್ತೀನಿ ಅಂದೆಯಲ್ಲ, ಖಂಡಿತ ಬಾ. ಮರೆವು ಶುರುವಾಗಿದೆ ಅಂತ ಅವಳನ್ನು ಮನೆಯಲ್ಲೇ ಕೂರಿಸಬೇಡ. ಆದರೆ ಅವಳು ಪಕ್ಕದಲ್ಲೇ ಇರುವಾಗ ಫೋನಿನಲ್ಲಿ ಆಡಲಾಗದ ಮಾತು ಕೆಲವಿವೆ, ಅದಕ್ಕೇ ಈ ಕಾಗದ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಹೆತ್ತ ತಾಯಿಯನ್ನು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಳೆದುಕೊಂಡವನೂ ನಾನೇ. ನಿನಗೆ ಈ ಕಥೆ ಯಾರೂ ಹೇಳಿರಲಾರರು, ನಾನೇ ಬೇಡ ಅಂದಿದ್ದೆ.

2019ರ ಬೇಸಿಗೆ. ನಿನ್ನ ಅಜ್ಜಿಯನ್ನು ಕೋಲಾರದಿಂದ ಮುಳಬಾಗಿಲಿಗೆ ಕರೆತರುತ್ತಿದ್ದೆ, ಮೂವತ್ತು ಕಿಲೋಮೀಟರಿನ ದಾರಿ. ಸಾಯಂಕಾಲ ಐದು ಗಂಟೆ ಇದ್ದೀತು. ಬೆಂಚಿನ ಮೇಲೆ ಕೂರಿಸಿ, ಯಾವ ಬಸ್ಸು ಊರೊಳಗೆ ಹೋಗುತ್ತೆ, ಯಾವುದು ಬೈಪಾಸಿನಲ್ಲೇ ಹೋಗುತ್ತೆ ಅಂತ ಕಂಟ್ರೋಲರ್ ಹತ್ತಿರ ಕೇಳಿಕೊಂಡು ಬಂದೆ. ಎರಡೇ ನಿಮಿಷ. ಬೆಂಚು ಖಾಲಿ. ಶೌಚಾಲಯ, ಟೀ ಅಂಗಡಿ, ಹೊರಗಿನ ರಸ್ತೆ ಎಲ್ಲ ಸುತ್ತಿ ಅರ್ಧ ಗಂಟೆ ಹಾಳು ಮಾಡಿದೆ. ಆಮೇಲೆ ನೆನಪಾಯಿತು: ಮಧ್ಯಾಹ್ನದಿಂದ ಅಮ್ಮ ಒಂದೇ ಮಾತು ಹೇಳುತ್ತಿದ್ದಳು, ಅಪ್ಪ ಹೊಲದಿಂದ ಬರೋ ಹೊತ್ತಾಯ್ತು ಅಂತ. ಅವಳಪ್ಪ ಸತ್ತು ಐವತ್ತು ವರ್ಷವಾಗಿತ್ತು. ತವರು ಇದ್ದದ್ದು ನಂಗಲಿ ಆಚೆ, ಆಂಧ್ರದ ಗಡಿಯಲ್ಲಿ. ಅದೇ ಹೊತ್ತಿಗೆ ಪಲಮನೇರಿನ ಬಸ್ಸು ಹೊರಟಿತ್ತು.

ಕಂಟ್ರೋಲರ್ ಫೋನು ಮಾಡಿ ವಿಚಾರಿಸುವಷ್ಟರಲ್ಲಿ ಆ ಬಸ್ಸಿನ ಕಂಡಕ್ಟರ್ ಅವಳನ್ನು ಮುಳಬಾಗಿಲಿನಲ್ಲಿ ಇಳಿಸಿ, ಟೀ ಅಂಗಡಿಯಲ್ಲಿ ಕೂರಿಸಿ ಹೋಗಿದ್ದ. ಟಿಕೆಟಿಗೆ ದುಡ್ಡು ಕೇಳಿದರೆ ಅಮ್ಮ ತೆಲುಗಿನಲ್ಲಿ 'ಮಾ ನಾಯ್ನ ಇಸ್ತಾಡು' ಅಂದಿದ್ದಳಂತೆ. ಎಪ್ಪತ್ತೆಂಟರ ಮುದುಕಿಗೆ ಅಪ್ಪ ದುಡ್ಡು ಕೊಡ್ತಾನಾ ಅಂತ ಅವನಿಗೆ ಅನುಮಾನ ಬಂತು. ಅಷ್ಟೇ ಅವಳನ್ನು ಉಳಿಸಿದ್ದು.

ಇದರಿಂದ ನಾನು ಕಲಿತದ್ದು ಹೇಳ್ತೀನಿ. ಮರೆವಿನವರು ದಿಕ್ಕು ಕಾಣದೆ ಅಲೆಯುತ್ತಾರೆ ಅಂತ ನಾವಂದುಕೊಳ್ಳುತ್ತೇವೆ. ಬಹಳ ಸಲ ಅವರಿಗೆ ಒಂದು ಊರು, ಒಂದು ಕೆಲಸ ತಲೆಯಲ್ಲಿರುತ್ತೆ, ಅದು ಹಳೆಯದು ಅಷ್ಟೆ. ಅಕ್ಕ ಈಚೆಗೆ ಯಾವ ಊರಿನ, ಯಾವ ಮನೆಯ ಹೆಸರು ಎತ್ತುತ್ತಾಳೆ ಅಂತ ಹೊರಡುವ ಮುಂಚಿನ ವಾರ ಕಿವಿಗೊಟ್ಟು ಕೇಳು. ತವರೋ, ಇಟ್ಟಿಗೆ ಗೂಡಿನ ಹತ್ತಿರ ನೀವಿದ್ದ ಹಳೇ ಬಾಡಿಗೆ ಮನೆಯೋ. ಅಕಸ್ಮಾತ್ ಕಣ್ಮರೆಯಾದರೆ ಮೊದಲು ಆ ಊರಿನ ಬಸ್ಸು ನೋಡು.

ಇನ್ನೊಂದು ವಿಷಯ ಅಮ್ಮನ ಕಾಲಕ್ಕಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಒಳ್ಳೆಯದೇ ಆಯಿತು. ಆದರೆ ಈಗ ಆಧಾರ್ ಕಾರ್ಡ್ ತೋರಿಸಿದ ಹೆಂಗಸಿಗೆ ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಮುಂದೆ ಹೋಗುತ್ತಾನೆ. ದುಡ್ಡಿನ ಮಾತೇ ಬರುವುದಿಲ್ಲ, ಅನುಮಾನ ಬರುವುದಾದರೂ ಹೇಗೆ? ಅದಕ್ಕೇ ಅಕ್ಕನ ಆಧಾರ್ ಕಾರ್ಡ್ ನಿನ್ನ ಜೇಬಿನಲ್ಲಿರಲಿ. ಅವಳ ಮೈಮೇಲೆ ಚೀಟಿ ಇರಲಿ.

ಚೀಟಿಯನ್ನು ಬ್ಯಾಗಿನಲ್ಲಿ ಇಡಬೇಡ, ಬ್ಯಾಗು ಮೊದಲು ಕಳೆಯುತ್ತೆ. ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಸೆರಗಿನ ಒಳಮಗ್ಗುಲಿಗೆ ಪಿನ್ನು ಹಾಕಿಸು. ಮನೆಯಲ್ಲಿ ಯಾವ ಹೆಸರಿಗೆ ಓಗೊಡುತ್ತಾಳೋ ಆ ಹೆಸರು, ನಿನ್ನ ಮತ್ತು ನನ್ನ ಫೋನ್ ನಂಬರು, ಕೆಳಗೆ 'ಇವರಿಗೆ ಮರೆವಿದೆ, ಕೂರಿಸಿ ಫೋನ್ ಮಾಡಿ' ಅಂತ ಒಂದು ಸಾಲು. ಕನ್ನಡದಲ್ಲೂ ಬರಿ, ತೆಲುಗಿನಲ್ಲೂ ಬರಿ. ನಮ್ಮ ಕಡೆ ಬಸ್ಸು ತಪ್ಪಿದರೆ ರಾಜ್ಯವೇ ತಪ್ಪುತ್ತೆ. ಮನೆ ವಿಳಾಸ ಬೇಡ. ಅಕ್ಕ ಒಪ್ಪುವುದಿಲ್ಲ, ಗೊತ್ತು, ನನಗೇನು ಹುಚ್ಚಾ ಅಂತಾಳೆ. 'ಮದುವೆ ಗದ್ದಲದಲ್ಲಿ ಇಬ್ಬರಿಗೂ ಇರಲಿ' ಅಂತ ನಿನ್ನ ಜೇಬಿಗೂ ಅವಳ ಕಣ್ಣೆದುರೇ ಒಂದು ಹಾಕಿಕೋ. ಹೊರಡುವಾಗ ಉಟ್ಟ ಸೀರೆಯಲ್ಲೇ ಅವಳದೊಂದು ಫೋಟೋ ತೆಗೆದುಕೋ. ಅಮ್ಮ ಕಳೆದುಹೋದ ದಿನ ಯಾವ ಬಣ್ಣದ ಸೀರೆ ಅಂತ ಪೊಲೀಸರು ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ ಅಂತ ಹಿಂದೆ ಹೋಗಿ ಕೂರಬೇಡ. ಕಂಡಕ್ಟರಿಗೆ ಒಂದು ಮಾತು ಹೇಳಿದರೆ ಜೊತೆಯಲ್ಲಿ ಕೂರಲು ಬಿಡುತ್ತಾನೆ. ಅವಳು ಕಿಟಕಿ ಕಡೆ, ನೀನು ದಾರಿ ಕಡೆ. ಎಲ್ಲರೂ ಎದ್ದರೆ ಅವಳೂ ಎದ್ದು ಇಳಿದುಬಿಡುತ್ತಾಳೆ, ಅದು ಅಭ್ಯಾಸ.

ಬಸ್ಸಿನಲ್ಲಿ ವಾಂತಿ ಬರುತ್ತೆ ಅಂತ ಮೆಡಿಕಲ್ ಸ್ಟೋರಿನ ಮಾತ್ರೆ ಕೊಡಬೇಡ, ನಿದ್ದೆ ಬರಲಿ ಅಂತ ಇನ್ನೊಂದನ್ನೂ ಕೊಡಬೇಡ. ವಾಂತಿ ತಡೆಯುವ, ಮಂಪರು ತರುವ ಇಂಥ ಎಷ್ಟೋ ಮಾತ್ರೆ ಮರೆವಿರುವ ವಯಸ್ಸಾದವರಿಗೆ ತಲೆ ಇನ್ನಷ್ಟು ಕೆಡಿಸುತ್ತವೆ. ಅಮ್ಮನಿಗೆ ಅವತ್ತು ನಾನು ಅದನ್ನೇ ಕೊಟ್ಟಿದ್ದೆ. ಡಾಕ್ಟರನ್ನು ಕೇಳದೆ ಹೊಸದೇನೂ ಬೇಡ. ದಿನದ ಬಿ.ಪಿ. ಮಾತ್ರೆ ಮಾತ್ರ ಹೊತ್ತು ತಪ್ಪದಿರಲಿ.

ಬೆಳಿಗ್ಗೆ ಕಾಫಿ, ತಿಂಡಿ ಆದ ಮೇಲೆ ಹೊರಡಿ, ಮುದ್ದೆ ಊಟದ ಹೊತ್ತಿಗೆ ತಲುಪಿಬಿಡಿ. ಸಂಜೆ ಪ್ರಯಾಣ ಬೇಡವೇ ಬೇಡ. ಬೆಳಕು ಇಳಿಯುವ ಹೊತ್ತಿಗೆ ಇವರಿಗೆ ತಳಮಳ ಹೆಚ್ಚುತ್ತೆ, ಮನೆಗೆ ಹೋಗಬೇಕು ಅನ್ನುವುದೂ ಆಗಲೇ. ಮಾವಿನ ಕಾಲ ಬೇರೆ, ಶ್ರೀನಿವಾಸಪುರದ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್ ಎಲ್ಲಿ ನಿಂತಿರುತ್ತವೋ. ಕುರುಡುಮಲೆ ಗಣೇಶನನ್ನೂ ಅದೇ ದಿನ ನೋಡಿಬಿಡೋಣ ಅನ್ನಬೇಡ, ಮಾರನೇ ದಿನಕ್ಕಿರಲಿ. ಬ್ಯಾಗನ್ನು ಮುಂಚಿನ ದಿನವೇ ಅವಳೆದುರು ಕಟ್ಟಿದರೆ ರಾತ್ರಿಯೆಲ್ಲ ಎದ್ದೆದ್ದು 'ಹೊರಡೋಣವಾ' ಅಂತಾಳೆ. ಅವಳ ಲೋಟ, ಅವಳು ಹೊದೆಯುವ ಹಚ್ಚಡ ತಗೊಂಡು ಬಾ. ಹೊಸ ಮನೆಯಲ್ಲಿ ರಾತ್ರಿ ಬಚ್ಚಲಿನ ದೀಪ ಉರಿಯುತ್ತಲೇ ಇರಲಿ. ಬಾಗಿಲಿಗೆ ಮೇಲಿನ ಚಿಲಕ ಹಾಕಿ ನೀನು ಆ ಕೋಣೆಯಲ್ಲೇ ಮಲಗು, ಹೊರಗಿನಿಂದ ಬೀಗ ಹಾಕಬೇಡ.

ಅಪ್ಪ ಕಾಯ್ತಾನೆ ಅಂತ ಅವಳಂದರೆ 'ತಾತ ಯಾವಾಗಲೋ ಹೋದ' ಅನ್ನಬೇಡ. ಅವಳಿಗೆ ಅದು ಅವತ್ತೇ ಬಂದ ಸಾವಿನ ಸುದ್ದಿ. 'ತಾತ ಹೊಲಕ್ಕೆ ಏನು ಹಾಕ್ತಿದ್ದ?' ಅಂತ ಕೇಳು. ರಾಗಿಯೋ, ಕಡಲೆಕಾಯೋ ಅಂತ ಶುರುವಾಗುತ್ತೆ, ಅಷ್ಟರಲ್ಲಿ ಊರು ಬರುತ್ತೆ. ಮದುವೆಮನೆಯಲ್ಲಿ 'ನಾನು ಯಾರು ಹೇಳು?' ಅಂತ ಬರುವ ನೆಂಟರನ್ನು ನೀನೇ ತಡೆದು, ಮೊದಲೇ ಹೆಸರು ಹೇಳಿಬಿಡು.

ಇಷ್ಟಾಗಿಯೂ ಕಣ್ತಪ್ಪಿದರೆ ಅರ್ಧ ಗಂಟೆ ನೀನೊಬ್ಬನೇ ಹುಡುಕಬೇಡ. ಕಂಟ್ರೋಲರಿಗೆ ಹೇಳು, 112ಕ್ಕೆ ಆಗಲೇ ಫೋನ್ ಮಾಡು. ಒಂದು ದಿನ ಕಾಯಬೇಕು ಅನ್ನುವುದೆಲ್ಲ ಸುಳ್ಳು. ಅವಳಿದ್ದ ಜಾಗದಲ್ಲಿ ಒಬ್ಬರು ನಿಂತೇ ಇರಬೇಕು.

ಮದುವೆ ಮುಗಿದ ಮೇಲೆ ಒಂದು ದಿನ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ ಹೋಗೋಣ. ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನಿರುವ ಕಾಲ ಹೋಯಿತು. ಬೆಂಗಳೂರಿನ ಐ.ಐ.ಎಸ್‌ಸಿ.ಯ ಮೆದುಳು ಸಂಶೋಧನಾ ಕೇಂದ್ರದವರು ಈ ಶ್ರೀನಿವಾಸಪುರದ ಹಳ್ಳಿಗಳಲ್ಲೇ 45 ದಾಟಿದವರ ನೆನಪಿನ ಶಕ್ತಿಯನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ಬಿ12 ಕಡಿಮೆಯಾಗಿ, ಥೈರಾಯಿಡ್ ಹೆಚ್ಚುಕಡಿಮೆಯಾಗಿ ಬರುವ ಮರೆವೂ ಉಂಟು, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತೆ. ಅಮ್ಮನಿಗೆ ನಾನು ಅದನ್ನೂ ಮಾಡಿಸಲಿಲ್ಲ.

ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಅವಳ ಜೊತೆ ನೀನು ಹೋಗಲಾರೆ, ನೀನು ಹೋದರೆ ಅವಳು ಒಂಟಿಯಾಗುತ್ತಾಳೆ. ಅದಕ್ಕೇ ನಿನ್ನ ಅತ್ತೆಯನ್ನು ಕರೆದುಕೊಂಡು ನಾನೇ ಕೋಲಾರಕ್ಕೆ ಬರ್ತೀನಿ. ಒಂಬತ್ತೂವರೆಗೆ ಕಂಟ್ರೋಲರ್ ಕೋಣೆಯ ಪಕ್ಕದ ಬೆಂಚಿನ ಹತ್ತಿರ ಇರ್ತೀವಿ. ಮಾಲೂರು ಬಿಟ್ಟ ಕೂಡಲೇ ಫೋನ್ ಮಾಡು.

ಇಂತಿ,
ನಿನ್ನ ಸೋದರಮಾವ